ನಲವತ್ನಾಲ್ಕು ವರ್ಷದ ಕಾಂಕ್ರೀಟ್: ಒಂದು ಉಳಿಯಿತು, ಒಂದು ಉರುಳಿತು

2017ರ ಏಪ್ರಿಲ್ 23ರ ರಾತ್ರಿ ದೆಹಲಿಯ ಪ್ರಗತಿ ಮೈದಾನದಲ್ಲಿ ಹಾಲ್ ಆಫ್ ನೇಷನ್ಸ್ ಎಂಬ ಕಾಂಕ್ರೀಟಿನ ಪ್ರದರ್ಶನ ಕಟ್ಟಡವನ್ನು ಕೆಡವಲು ಶುರು ಮಾಡಿದರು. ಬೆಳಗಾಗುವಷ್ಟರಲ್ಲಿ ಅದು ನೆಲಸಮವಾಗಿತ್ತು. 1972ರ ನವೆಂಬರಿನಲ್ಲಿ ಉದ್ಘಾಟನೆಯಾದ ಕಟ್ಟಡ ಅದು. ಅಂದರೆ ಅದಕ್ಕಿನ್ನೂ 45 ತುಂಬಿರಲಿಲ್ಲ.

ಇದಕ್ಕೆ ಮೂರೂವರೆ ವರ್ಷ ಮೊದಲು, 2013ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಬಸ್ ನಿಲ್ದಾಣಕ್ಕೆ ಸರ್ಕಾರ ಕಾನೂನಿನ ರಕ್ಷಣೆ ಕೊಟ್ಟಿತು. ಅದೂ ಬರಿಯ ಕಾಂಕ್ರೀಟಿನದೇ. ಕಟ್ಟಿದ್ದು 1969ರಲ್ಲಿ. ಆಗ ಅದರ ವಯಸ್ಸೂ ಹೆಚ್ಚು ಕಡಿಮೆ 44.

ಒಂದೇ ಕಾಲದ, ಒಂದೇ ವಯಸ್ಸಿನ ಎರಡು ಸಾರ್ವಜನಿಕ ಕಟ್ಟಡಗಳು. ಎರಡನ್ನೂ ಕೆಡವಬೇಕು ಅಂತ ಅವುಗಳ ಮಾಲೀಕರೇ ತೀರ್ಮಾನಿಸಿದ್ದರು. ಆದರೂ ಒಂದು ಉಳಿಯಿತು, ಇನ್ನೊಂದು ಹೋಯಿತು. ಇದನ್ನು ಅಂದ ಚೆಂದದ ಜಗಳ ಅಂತ ನೋಡುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ನಿಜವಾಗಿ ಕೆಲಸ ಮಾಡಿದ್ದು ವಯಸ್ಸಿನ ಲೆಕ್ಕ. ಅದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನಲ್ಲಿ ಮನೆಗಳಿಲ್ಲ, ಉಕ್ಕಿಲ್ಲ, ದುಡ್ಡೂ ಇಲ್ಲ. ಫ್ರಾನ್ಸಿನ ಮಾರ್ಸೆ ನಗರದಲ್ಲಿ ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೆ 1952ರಲ್ಲಿ ಮುಗಿಸಿದ ದೊಡ್ಡ ವಸತಿ ಸಮುಚ್ಚಯದಲ್ಲಿ ಕಾಂಕ್ರೀಟಿನ ಮೇಲೆ ಗಾರೆ ಬಳಿಯಲಿಲ್ಲ. ಸೆಂಟ್ರಿಂಗ್ ಹಲಗೆಯ ಗೆರೆ, ಸಂದು, ಏರುತಗ್ಗು ಎಲ್ಲ ಹಾಗೇ ಕಾಣುವಂತೆ ಬಿಟ್ಟರು. ಕಟ್ಟಡ ಯಾವುದರಿಂದ ನಿಂತಿದೆಯೋ ಅದನ್ನು ಮುಚ್ಚಿಡಬಾರದು ಎಂಬುದು ಅಲ್ಲಿಂದ ಬೆಳೆದ ವಿಚಾರ. ಮುಂದಿನ 20-25 ವರ್ಷ ಬ್ರೂಟಲಿಸಂ ಎಂಬ ಹೆಸರಿನಲ್ಲಿ ಇದು ದೇಶ ದೇಶಗಳಿಗೆ ಹಬ್ಬಿತು. ಪುರಭವನ, ಗ್ರಂಥಾಲಯ, ವಿಶ್ವವಿದ್ಯಾಲಯ, ಬಸ್ ನಿಲ್ದಾಣ, ಹೀಗೆ ಸರ್ಕಾರದ ದುಡ್ಡಿನಲ್ಲಿ ಜನರಿಗಾಗಿ ಕಟ್ಟಿದ್ದೇ ಇದರಲ್ಲಿ ಹೆಚ್ಚು.

ನಮ್ಮ ದೇಶಕ್ಕೆ ಇದು ಅದೇ ಲ ಕಾರ್ಬ್ಯುಸಿಯೆ ರೂಪಿಸಿದ ಚಂಡೀಗಢದ ಮೂಲಕ ಬಂತು. ಅಲ್ಲಿನ ಹೈಕೋರ್ಟ್ ಮತ್ತು ಸಚಿವಾಲಯದ ಕೆಲಸದಲ್ಲಿದ್ದ ತರುಣ ಎಂಜಿನಿಯರ್ ಮಹೇಂದ್ರ ರಾಜ್ ಮುಂದೆ ವಾಸ್ತುಶಿಲ್ಪಿ ರಾಜ್ ರೇವಾಲ್ ಜೊತೆ ಸೇರಿ ಹಾಲ್ ಆಫ್ ನೇಷನ್ಸ್ ಕಟ್ಟಿದರು. ಸ್ವಾತಂತ್ರ್ಯ ಬಂದು 25 ವರ್ಷವಾದಾಗ ನಡೆದ ಏಷ್ಯಾ 72 ಮೇಳಕ್ಕೆ ಅದು ಬೇಕಿತ್ತು. ಒಳಗೆ ಒಂದೂ ಕಂಬವಿಲ್ಲದೆ 78 ಮೀಟರ್ ಅಗಲದ ಜಾಗ ಸಿಗಬೇಕು. ಬೇರೆ ದೇಶಗಳಲ್ಲಾದರೆ ಇಂಥದ್ದಕ್ಕೆ ಉಕ್ಕಿನ ಕೊಳವೆಗಳ ಜಾಲ ಕಟ್ಟುತ್ತಿದ್ದರು. ಇಲ್ಲಿ ಉಕ್ಕು ದುಬಾರಿ, ಸಿಗುವುದೂ ಕಷ್ಟ. ದುಡಿಯುವ ಕೈಗಳಿಗೆ ಕೊರತೆಯಿರಲಿಲ್ಲ. ಹಾಗಾಗಿ ಅದೇ ಜಾಲವನ್ನು ಕಾಂಕ್ರೀಟಿನಲ್ಲಿ, ಜಾಗದಲ್ಲೇ ಎರಕ ಹೊಯ್ದು ಮಾಡಿದರು. ಹಲವು ದಿಕ್ಕಿನಿಂದ ಬರುವ ತೊಲೆಗಳು ಒಂದೇ ಬಿಂದುವಿನಲ್ಲಿ ಸೇರುವ ಕಡೆ ಕಂಬಿ ಕಟ್ಟಿ, ಅದರ ಸುತ್ತ ಹಲಗೆ ಕೂರಿಸಿ, ಕಾಂಕ್ರೀಟ್ ತುಂಬುವುದು ಎಷ್ಟು ಕಷ್ಟ ಎನ್ನುವುದು ಸೆಂಟ್ರಿಂಗ್ ಕೆಲಸ ನೋಡಿದವರಿಗೆ ಗೊತ್ತು. ಆ ಜಾಲ ದಪ್ಪವಾಗಿದ್ದರಿಂದ ಬಿಸಿಲಿಗೆ ಜಾಲಂದ್ರದಂತೆ ನೆರಳೂ ಕೊಡುತ್ತಿತ್ತು. ಬಡತನದ ದೇಶವೊಂದು ತನ್ನ ಕೊರತೆಯಿಂದಲೇ ಹೊಸ ದಾರಿ ಕಂಡುಕೊಂಡ ಕಟ್ಟಡ ಅದು. ಅದಕ್ಕೇ ಅದು ಹೋದದ್ದು ನನಗೆ ಇವತ್ತಿಗೂ ನೋವು.

ಇಂಥ ಕಟ್ಟಡಗಳೆಲ್ಲ ನಲವತ್ತರ ಆಸುಪಾಸಿನಲ್ಲೇ ಯಾಕೆ ಕಷ್ಟಕ್ಕೆ ಸಿಗುತ್ತವೆ? ಮೊದಲ ಕಾರಣ ಕಾಂಕ್ರೀಟಿನ ಒಳಗೇ ಇದೆ. ಹೊಸ ಕಾಂಕ್ರೀಟ್ ತುಂಬ ಕ್ಷಾರ. ಆ ಕ್ಷಾರದಲ್ಲಿ ಇರುವಷ್ಟು ದಿನ ಒಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ನಿಧಾನವಾಗಿ ಒಳಗಿಳಿಯುತ್ತಾ ಆ ಕ್ಷಾರವನ್ನು ಕಳೆಯುತ್ತದೆ. ಅದು ಕಂಬಿಯ ತನಕ ತಲುಪಿ, ಜೊತೆಗೆ ತೇವವೂ ಇದ್ದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಳಗಿಂದ ಒತ್ತಿ ಒತ್ತಿ ಮೇಲಿನ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಗೋಡೆಯ ಮೇಲೆ ಕಂದು ಬಣ್ಣದ ಸೋರಿಕೆ, ಬೀಳುವ ಚೂರು, ಹೊರಗಿಣುಕುವ ಕಂಬಿ, ಜನ ನೋಡುವುದು ಇದನ್ನೇ.

ಇದು ಒಳಗಿಳಿಯುವ ವೇಗಕ್ಕೆ ಒಂದು ಲೆಕ್ಕವಿದೆ. ಆಳ ಎರಡು ಪಟ್ಟಾಗಲು ನಾಲ್ಕು ಪಟ್ಟು ಕಾಲ ಬೇಕು. ಒಂದು ಗೋಡೆಯಲ್ಲಿ ಮೊದಲ 20 ವರ್ಷದಲ್ಲಿ 15 ಮಿಲಿಮೀಟರ್ ಇಳಿದಿದೆ ಎಂದುಕೊಳ್ಳಿ. 40ನೇ ವರ್ಷಕ್ಕೆ ಅದು ಸುಮಾರು 21 ಮಿಲಿಮೀಟರ್. ಕಂಬಿಯ ಮೇಲೆ 20 ಮಿಲಿಮೀಟರ್ ಕಾಂಕ್ರೀಟ್ ಪದರ ಬಿಟ್ಟು ಕಟ್ಟಿದ್ದರೆ, ಸರಿಯಾಗಿ ನಲವತ್ತರ ಹೊತ್ತಿಗೆ ತೊಂದರೆ ಬಾಗಿಲಿಗೆ ಬಂದಿರುತ್ತದೆ. ಗಾರೆ, ಬಣ್ಣ ಇದ್ದ ಕಟ್ಟಡಕ್ಕೆ ಅವೇ ಒಂದಿಷ್ಟು ತಡೆ. ಬರಿಮೈ ಕಾಂಕ್ರೀಟಿಗೆ ಅದೂ ಇಲ್ಲ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಗೋಡೆಯ ಮೂಲೆಯಲ್ಲಿ ಸಣ್ಣ ಚೂರು ಒಡೆದು, ಆಗಷ್ಟೇ ಒಡೆದ ಮುಖಕ್ಕೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸುತ್ತಾರೆ. ಕ್ಷಾರ ಉಳಿದಿರುವ ಕಡೆ ಗಾಢ ಗುಲಾಬಿ ಬಣ್ಣ ಬರುತ್ತದೆ. ಕ್ಷಾರ ಹೋಗಿರುವ ಹೊರಪದರ ಬೂದಿಯಾಗೇ ಇರುತ್ತದೆ. ಆ ಬೂದಿ ಪಟ್ಟಿಯ ದಪ್ಪವನ್ನು ಅಳೆದು, ಕಂಬಿ ಎಷ್ಟು ಆಳದಲ್ಲಿದೆ ಅಂತ ಹೋಲಿಸಿದರೆ ಆ ಜಾಗದ ಸ್ಥಿತಿ ಗೊತ್ತಾಗುತ್ತದೆ. ಒಂದೇ ಕಡೆ ನೋಡಿದರೆ ಸಾಲದು. ಮಳೆ ಬಡಿಯುವ ಮುಖ ಬೇರೆ, ಸದಾ ಒಣಗಿರುವ ಒಳಭಾಗ ಬೇರೆ. ಎಷ್ಟೋ ಸಲ ಕಟ್ಟಡದ ಕೆಲವು ಅಂಚುಗಳು ಮಾತ್ರ ಕೆಟ್ಟಿರುತ್ತವೆ, ಉಳಿದದ್ದು ಗಟ್ಟಿಯಾಗೇ ಇರುತ್ತದೆ. ಹಾಗಾಗಿ "ಕಟ್ಟಡದ ಆಯುಸ್ಸು ಮುಗಿದಿದೆ" ಎಂದು ಯಾರಾದರೂ ಹೇಳಿದರೆ, ಎಲ್ಲೆಲ್ಲಿ ಪರೀಕ್ಷೆ ಮಾಡಿದಿರಿ ಎಂದು ಕೇಳಬೇಕು.

ದುರಸ್ತಿಯಲ್ಲಿ ಮಾತ್ರ ನಿಜವಾದ ತೊಡಕಿದೆ. ಕೆಟ್ಟ ಕಾಂಕ್ರೀಟನ್ನು ಕಂಬಿಯ ಹಿಂದಿನವರೆಗೂ ಕಡಿದು ತೆಗೆದು, ತುಕ್ಕು ಉಜ್ಜಿ, ಹೊಸದನ್ನು ತುಂಬಬೇಕು. ಮಾಮೂಲಿ ಕಟ್ಟಡವಾದರೆ ಮೇಲೆ ಬಣ್ಣ ಬಳಿದರೆ ಮುಗಿಯಿತು. ಇಲ್ಲಿ ಹಳೆಯದರ ಬಣ್ಣ, ಮರಳು, ಜಲ್ಲಿ, ಹಲಗೆಯ ಗೆರೆ ಎಲ್ಲಕ್ಕೂ ಹೊಂದಬೇಕು. ಮಾದರಿ ತೇಪೆಗಳನ್ನು ಮಾಡಿ, ಪೂರ್ತಿ ಒಣಗಿದ ಮೇಲೆ ನೋಡಿ ಆರಿಸಬೇಕು. ಇದಕ್ಕೆ ಕೆಲಸ ಗೊತ್ತಿರುವ ಕೈ ಬೇಕು, ದುಡ್ಡೂ ಬೇಕು. ಮಾಲೀಕರ ದೂರಿನಲ್ಲಿ ಇಷ್ಟು ಸತ್ಯವಂತೂ ಇದೆ.

ಎರಡನೇ ಕಾರಣ ಕಾನೂನು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 30 ವರ್ಷ ದಾಟಿದ ಕಟ್ಟಡವನ್ನು ರಕ್ಷಣೆಯ ಪಟ್ಟಿಗೆ ಪರಿಗಣಿಸುತ್ತಾರೆ. ಅಸಾಧಾರಣವಾದದ್ದು, ಅಪಾಯದಲ್ಲಿದೆ ಎಂದಾದರೆ ಅದಕ್ಕೂ ಮೊದಲೇ ಸೇರಿಸಬಹುದು. ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಸಾಮಾನ್ಯವಾಗಿ 50 ವರ್ಷ. ದೆಹಲಿಯಲ್ಲಿ ರಕ್ಷಿಸಬೇಕಾದ ಆಧುನಿಕ ಕಟ್ಟಡಗಳ ಒಂದು ಪಟ್ಟಿಯನ್ನು, ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ 2013ರಲ್ಲೇ ಕೊಟ್ಟಿತ್ತು. ಆದರೆ ಅಲ್ಲಿನ ಪಾರಂಪರಿಕ ಸಂರಕ್ಷಣಾ ಸಮಿತಿ 2017ರಲ್ಲಿ, 60 ವರ್ಷ ದಾಟಿದ್ದನ್ನು ಮಾತ್ರ ನೋಡುತ್ತೇವೆ ಎಂದುಬಿಟ್ಟಿತು. ಏಪ್ರಿಲ್ 20ರಂದು ದೆಹಲಿ ಹೈಕೋರ್ಟ್, ಕಟ್ಟಡ ಕೆಡವಬಾರದೆಂದು ರೇವಾಲ್ ಹಾಕಿದ್ದ ಅರ್ಜಿಯನ್ನು ವಜಾ ಮಾಡಿತು. ಮೂರೇ ದಿನಕ್ಕೆ ಯಂತ್ರಗಳು ಬಂದವು.

ಇದರಲ್ಲಿ ಒಂದು ಸಂಗತಿ ನನಗೆ ಅರ್ಥವೇ ಆಗುವುದಿಲ್ಲ. 2016ರ ಜುಲೈನಲ್ಲಿ, ಅಂದರೆ ಒಂದು ವರ್ಷವೂ ಆಗಿರಲಿಲ್ಲ, ಯುನೆಸ್ಕೊ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಅಲ್ಲಿನ ವಿಧಾನಸಭಾ ಕಟ್ಟಡ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಅದಕ್ಕೂ ಆಗ 60 ಆಗಿರಲಿಲ್ಲ. ಇಡೀ ಜಗತ್ತಿನ ಪರಂಪರೆ ಎನಿಸಿಕೊಳ್ಳಲು ಅಡ್ಡಿಯಾಗದ ವಯಸ್ಸು, ದೆಹಲಿಯ ಪಟ್ಟಿಗೆ ಮಾತ್ರ ಹೇಗೆ ಅಡ್ಡಿಯಾಗುತ್ತದೆ?

ನಲವತ್ತಕ್ಕೆ ದುರಸ್ತಿಯ ದೊಡ್ಡ ಬಿಲ್ಲು ಬರುತ್ತದೆ, ದೆಹಲಿಯ ಲೆಕ್ಕದಲ್ಲಿ ಅರವತ್ತಕ್ಕೆ ರಕ್ಷಣೆಯ ಅರ್ಹತೆ ಬರುತ್ತದೆ. ನಡುವಿನ 20 ವರ್ಷ ಕಟ್ಟಡಕ್ಕೆ ದಿಕ್ಕಿಲ್ಲ. ಹಾಲ್ ಆಫ್ ನೇಷನ್ಸ್ ಉರುಳಿದ್ದು ಈ ಸಂದಿಯಲ್ಲೇ.

30 ವರ್ಷದ ನಿಯಮ ಇದ್ದಮಾತ್ರಕ್ಕೆ ಎಲ್ಲವೂ ಉಳಿಯುತ್ತದೆ ಎಂದಲ್ಲ. ಬರ್ಮಿಂಗ್‌ಹ್ಯಾಮಿನ ಕೇಂದ್ರ ಗ್ರಂಥಾಲಯವನ್ನು ಪಟ್ಟಿಗೆ ಸೇರಿಸಿ ಎಂದು ಸರ್ಕಾರದ ಪರಿಣತ ಸಂಸ್ಥೆಯೇ ಶಿಫಾರಸು ಮಾಡಿತ್ತು. ಸಚಿವರು ಒಪ್ಪಲಿಲ್ಲ. 2016ರಲ್ಲಿ ಅದನ್ನು ಕೆಡವಿ ಮುಗಿಸಿದರು. ಪ್ರೆಸ್ಟನ್ನಿನ ಅರ್ಜಿಯೂ ಎರಡು ಸಲ ತಿರಸ್ಕಾರವಾಗಿತ್ತು. ಆದರೆ ಅಲ್ಲಿ ಅರ್ಜಿ ಹಾಕಲು ಜಾಗವಿತ್ತು, ಕಟ್ಟಡದ ಗುಣದ ಮೇಲೆ ವಾದ ಮಾಡಲು ಅವಕಾಶವಿತ್ತು. ಮೂರನೇ ಸಲ ಗೆದ್ದದ್ದು ಅದರಿಂದಲೇ.

ಆ ನಿಲ್ದಾಣದ ಕತೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. 80 ಡಬಲ್ ಡೆಕ್ಕರ್ ಬಸ್ಸು ನಿಲ್ಲುವಷ್ಟು ದೊಡ್ಡದು, ಮೇಲೆ ಸುಮಾರು 1,100 ಕಾರುಗಳ ನಿಲುಗಡೆ. ಒಂದರ ಮೇಲೊಂದರಂತೆ ಹೊರಗೆ ಚಾಚಿ ಮೇಲಕ್ಕೆ ಬಾಗಿದ ಕಾಂಕ್ರೀಟ್ ಅಂಚುಗಳೇ ಅದರ ಗುರುತು. ಅವು ಸುಮ್ನೆ ಶೋಕಿಗೆ ಮಾಡಿದ್ದಲ್ಲ. ನೇರ ಗೋಡೆ ಕಟ್ಟಿ ಅದಕ್ಕೆ ಒಳ್ಳೆಯ ಹೊರಮೈ ಕೊಡಲು ಖರ್ಚು ಜಾಸ್ತಿಯಾಗುತ್ತಿತ್ತು. ಬಾಗಿದ ಅಂಚಾದರೆ ಕಾರಿನ ಬಂಪರ್ ಗೋಡೆಗೆ ಗುದ್ದುವುದೂ ತಪ್ಪುತ್ತದೆ.

ನಗರಸಭೆ 2012ರ ಕೊನೆಯಲ್ಲಿ ಕೆಡವಲು ನಿರ್ಧರಿಸಿದಾಗ ಮುಂದಿಟ್ಟ ಅಂದಾಜು ಹೀಗಿತ್ತು: ನವೀಕರಣಕ್ಕೆ 2.3 ಕೋಟಿ ಪೌಂಡಿನವರೆಗೆ, ಕೆಡವಲು ಸುಮಾರು 18 ಲಕ್ಷ ಪೌಂಡ್. ಇಂಥ ಹೋಲಿಕೆ ಕೇಳಿದರೆ ಯಾರಿಗಾದರೂ ಕೆಡವುವುದೇ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಕೆಡವಿದ ಮೇಲೂ ಊರಿಗೆ ಬಸ್ ನಿಲ್ದಾಣ ಬೇಕೇ ಬೇಕು. ಹೊಸದನ್ನು ಕಟ್ಟುವ ಖರ್ಚು ಆ 18 ಲಕ್ಷದಲ್ಲಿ ಬರುವುದಿಲ್ಲ. ಹಳೆಯದನ್ನು ಎರೆಯಲು ಬಳಸಿದ ಸಿಮೆಂಟಿನಿಂದ ಆಗಲೇ ಹೊರಬಿದ್ದಿರುವ ಇಂಗಾಲವಂತೂ ಯಾವ ಪುಟದಲ್ಲೂ ಇರುವುದಿಲ್ಲ.

ಜನರ ಬೇಸರಕ್ಕೂ ಕಾರಣವಿತ್ತು. ಬಸ್ಸುಗಳು ಎರಡೂ ಬದಿಗೆ ನಿಲ್ಲುತ್ತಿದ್ದವು. ಹಾಗಾಗಿ ನಡೆದು ಬರುವವರು ಹೆಚ್ಚಾಗಿ ಕತ್ತಲೆಯ ಸುರಂಗದಾರಿ ಹಿಡಿದು ಒಳಗೆ ಬರಬೇಕಿತ್ತು. ಇದು ವಿನ್ಯಾಸದ್ದೇ ತಪ್ಪು. ರಕ್ಷಣೆ ಸಿಕ್ಕ ಮೇಲೆ ನಡೆದ ಸ್ಪರ್ಧೆಯಲ್ಲಿ ಗೆದ್ದ ಜಾನ್ ಪಟಿಕ್ ಅವರ ತಂಡ ಕೈ ಹಾಕಿದ್ದು ಮುಖ್ಯವಾಗಿ ಇಲ್ಲಿಗೆ. ಬಸ್ಸುಗಳನ್ನೆಲ್ಲ ಪೂರ್ವದ ಬದಿಗೆ ತಂದರು. ಪಶ್ಚಿಮದ ಅಂಗಳವನ್ನು ಜನ ಓಡಾಡುವ ಬಯಲು ಮಾಡಿದರು. ಈಗ ಊರಿನ ಕಡೆಯಿಂದ ನೆಲದ ಮೇಲೇ ನಡೆದು ಬರಬಹುದು. ಕಾಂಕ್ರೀಟನ್ನು ದುರಸ್ತಿ ಮಾಡಿದರು, ಹಳೆಯ ಮರದ ಬಾಗಿಲು ಬೆಂಚುಗಳನ್ನು ಉಳಿಸಿಕೊಂಡರು. 2018ರಲ್ಲಿ ಕೆಲಸ ಮುಗಿಯಿತು. 2021ರಲ್ಲಿ ಇದಕ್ಕೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ಆಧುನಿಕ ವಾಸ್ತುಶಿಲ್ಪದ ಪ್ರಶಸ್ತಿ ಬಂತು. ರಕ್ಷಣೆ ಎಂದರೆ ಒಂದು ಮೊಳೆಯನ್ನೂ ಅಲ್ಲಾಡಿಸಬಾರದು ಎಂದಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎಲ್ಲ ಕಾಂಕ್ರೀಟ್ ಕಟ್ಟಡಗಳನ್ನೂ ಉಳಿಸಿ ಎಂದು ನಾನು ಹೇಳುತ್ತಿಲ್ಲ. ಆ ಕಾಲದಲ್ಲಿ ಕೆಟ್ಟದಾಗಿ ಕಟ್ಟಿದ್ದೂ, ಒಂದನ್ನು ನೋಡಿ ಇನ್ನೊಂದು ಎಂದು ಕಟ್ಟಿದ್ದೂ ಬೇಕಾದಷ್ಟಿದೆ. ಆದರೆ ಯಾವುದು ಯಾವುದು ಎಂದು ತೂಗಿ ನೋಡಲು ಒಂದು ವಿಚಾರಣೆಯಾದರೂ ಆಗಬೇಕು. ದೆಹಲಿಯಲ್ಲಿ ಮಹೇಂದ್ರ ರಾಜ್ ಎಂಜಿನಿಯರ್ ಆಗಿದ್ದ, ಕುಲದೀಪ್ ಸಿಂಗ್ ವಿನ್ಯಾಸದ ಪಾಲಿಕಾ ಕೇಂದ್ರ ಎಂಬ ಕಚೇರಿ ಕಟ್ಟಡ ಇನ್ನೂ ನಿಂತಿದೆ. ಅದು 1980ರ ದಶಕದ ಆರಂಭದ್ದು. ಅಂದರೆ ದುರಸ್ತಿಯ ಬಿಲ್ಲು ಬರುವ ವಯಸ್ಸು ಅದಕ್ಕೀಗ ಬಂದಿದೆ. 60ರ ನಿಯಮ ಹೀಗೇ ಇದ್ದರೆ, ಅದರ ಕಡತ ತೆರೆಯಲು 2040ರ ದಶಕದವರೆಗೆ ಕಾಯಬೇಕು.