ಕಥೆಯಿಂದ ‘ದ’ ತೆಗೆದರೆ ಏನಾಗುತ್ತದೆ?

ಪ್ರಶ್ನೆ: ನಾನು ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದೇನೆ, ಸಣ್ಣ ಕಥೆ ಬರೆಯುತ್ತೇನೆ. ಇಷ್ಟೇ ಪದ ಇರಬೇಕು, ಇಂಥ ಅಕ್ಷರ ಬರಬಾರದು ಅಂತ ನಿಯಮ ಹಾಕಿಕೊಂಡು ಬರೆದರೆ ಹೊಸದು ಹೊಳೆಯುತ್ತೆ ಅಂತಾರೆ. ನಾನು ‘ಮ’ ಬಿಟ್ಟು ಬರೆದೆ. ಕಥೆ ಬರೀ ಕಸರತ್ತಿನ ಥರ ಆಯ್ತು. ತಪ್ಪು ಎಲ್ಲಿದೆ?

ಉತ್ತರ: ಅಕ್ಷರದ ಆಯ್ಕೆಯಲ್ಲಿದೆ. ‘ಮ’ ಬಿಟ್ಟಾಗ ನಿಮ್ಮ ಕೈಯಿಂದ ಹೋಗಿದ್ದು ಪದಗಳು. ಮನೆ, ಮಳೆ, ಅಮ್ಮ, ಮಾತು ಎಲ್ಲ ಹೋಯಿತು. ಆಗ ನೀವು ಮನೆಗೆ ಗೃಹ, ಅಮ್ಮನಿಗೆ ತಾಯಿ ಅಂತ ಹುಡುಕಿಕೊಂಡು ಹೋಗಿರುತ್ತೀರಿ, ಅಲ್ವಾ? ಕಥೆ ಹೇಳುವ ರೀತಿ ಮಾತ್ರ ಹಳೆಯದೇ ಉಳಿಯಿತು, ಪದಗಳಷ್ಟೇ ಬದಲಾದವು. ಓದುವವರಿಗೆ ಆ ತೇಪೆ ತಕ್ಷಣ ಕಾಣುತ್ತದೆ.

ಕನ್ನಡದಲ್ಲಿ ಈ ಆಟ ಆಡುವುದಾದರೆ ವ್ಯಾಕರಣವೇ ಆಧರಿಸಿಕೊಂಡಿರುವ ಅಕ್ಷರವನ್ನು ತೆಗೆಯಬೇಕು. ನನ್ನ ಸಲಹೆ ‘ದ’. ದಾ, ದಿ, ದು ಎಂಬ ಕಾಗುಣಿತ, ಒತ್ತು ಎಲ್ಲ ಸೇರಿ. ‘ಧ’ ಬೇರೆ ಅಕ್ಷರ, ಅದು ಇರಲಿ.

‘ದ’ ಹೋದರೆ ಏನೇನು ಹೋಗುತ್ತದೆ ನೋಡಿ. ಬಂದ, ಹೋದಳು, ಮಾಡಿದರು, ನೋಡಿದೆ. ಅಂದರೆ ಮನುಷ್ಯರು ಮಾಡಿದ ಕೆಲಸವನ್ನು ಹೇಳುವ ಭೂತಕಾಲದ ಬಹುಪಾಲು ಹೋಯಿತು. ‘ಎಂದು’ ಹೋಯಿತು, ಹಾಗಾಗಿ ಒಬ್ಬರ ಮಾತನ್ನು ಸುತ್ತಿ ಹೇಳುವುದು ಕಷ್ಟ. ಆದರೆ, ಆದ್ದರಿಂದ, ಯಾಕೆಂದರೆ ಕೂಡ ಇಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ನಷ್ಟ ಇನ್ನೊಂದಿದೆ: ಬೇಸರದಿಂದ, ಕೋಪದಿಂದ, ಸಂತೋಷದಿಂದ ಎಂಬ ಪದಗಳು ಪೂರ್ತಿ ಬಂದ್. ಪಾತ್ರದ ಮನಸ್ಸಿಗೆ ಲೇಬಲ್ ಅಂಟಿಸುವ ಅಭ್ಯಾಸ ಒಂದೇ ಏಟಿಗೆ ನಿಲ್ಲುತ್ತದೆ.

ಇನ್ನು ಉಳಿಯುವುದೇನು? ನಪುಂಸಕಲಿಂಗದ ಏಕವಚನ ಉಳಿಯುತ್ತದೆ. ಬಂತು, ಹೋಯಿತು, ಬಿತ್ತು, ತೆರೆಯಿತು. ಜನ ಹೆಚ್ಚೇನೂ ಮಾಡಲಾರರು, ವಸ್ತುಗಳು ಮಾಡಬಲ್ಲವು. ಕಂಡ, ಕೊಟ್ಟ, ನಕ್ಕಳು, ಅತ್ತಳು, ಕೂತರು ಎಂಬ ಕೆಲವೇ ಕ್ರಿಯಾಪದಗಳು ಜನರಿಗೂ ಸಿಗುತ್ತವೆ. ಜೊತೆಗೆ ‘ಮಾಡಲಿಲ್ಲ’, ‘ಕೇಳಲಿಲ್ಲ’ ಇದೆ. ಇದು ಮೂಲದಲ್ಲೇ ‘ದ’ ಇಲ್ಲದ ಯಾವ ಕ್ರಿಯಾಪದಕ್ಕಾದರೂ ಹೊಂದುತ್ತದೆ. ಹಾಗಾಗಿ ‘ದ’ ಇಲ್ಲದ ಕಥೆಯಲ್ಲಿ ವಸ್ತುಗಳು ಏನು ಮಾಡಿದವು, ಜನ ಏನು ಮಾಡಲಿಲ್ಲ ಎಂಬುದೇ ಮುಂದೆ ಬರುತ್ತದೆ. ಇದನ್ನು ಲೇಖಕರು ಮೊದಲೇ ಯೋಚಿಸಿ ತರುವುದಲ್ಲ, ನಿಯಮವೇ ಅಲ್ಲಿಗೆ ದೂಡುತ್ತದೆ. ಹೊಸದು ಹೊಳೆಯುತ್ತೆ ಅನ್ನುವುದು ಈ ಅರ್ಥದಲ್ಲಿ.

ನಿಮ್ಮೂರಿನ ಟೊಮೆಟೊ ಮಂಡಿಯನ್ನೇ ತೆಗೆದುಕೊಳ್ಳೋಣ. ನಿಯಮವಿಲ್ಲದೆ ಬರೆದರೆ ಹೀಗಿರುತ್ತದೆ:

> ಅಪ್ಪ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಟೊಮೆಟೊ ಬಾಕ್ಸುಗಳನ್ನು ಟೆಂಪೋಗೆ ತುಂಬಿಸಿದರು. ಮಂಡಿಗೆ ಹೋದಾಗ ರೇಟು ಬಿದ್ದಿತ್ತು. ತುಂಬಾ ಬೇಸರದಿಂದ ಮನೆಗೆ ಬಂದರು. ಏನಾಯಿತು ಎಂದು ಅಮ್ಮ ಕೇಳಿದಳು. ಅವರು ಉತ್ತರ ಕೊಡಲಿಲ್ಲ.

ಇದರಲ್ಲಿ ತಪ್ಪೇನಿಲ್ಲ, ಆದರೆ ಯಾರು ಬೇಕಾದರೂ ಬರೆಯಬಹುದು. ಈಗ ‘ದ’ ತೆಗೆಯಿರಿ. ಮೊದಲ ಸಲ ಎಲ್ಲರೂ ಇಲ್ಲಿಗೆ ಬರುತ್ತಾರೆ:

> ಅಪ್ಪ ಬೆಳಗಿನ ಜಾವ ಎಚ್ಚರಗೊಂಡು ಟೊಮೆಟೊ ಬಾಕ್ಸುಗಳನ್ನು ಟೆಂಪೋಗೆ ತುಂಬುತ್ತಾರೆ. ಮಂಡಿಯಲ್ಲಿ ಧಾರಣೆ ಕುಸಿಯುತ್ತಿತ್ತು. ಅತೀವ ಬೇಸರ ಹೊತ್ತು ಮನೆಗೆ ಮರಳುತ್ತಾರೆ.

ನಿಯಮ ಪಾಲನೆಯಾಗಿದೆ, ಕಥೆ ಇನ್ನೂ ಕೆಟ್ಟಿದೆ. ‘ಎಚ್ಚರಗೊಂಡು’, ‘ಅತೀವ ಬೇಸರ ಹೊತ್ತು’ ಇವೆಲ್ಲ ಬಾಯಲ್ಲಿ ಬರುವ ಮಾತಲ್ಲ. ‘ತುಂಬುತ್ತಾರೆ, ಮರಳುತ್ತಾರೆ’ ಅಂತ ವರ್ತಮಾನಕಾಲಕ್ಕೆ ಓಡಿಹೋಗಿ ಬಚಾವಾಗಿದ್ದೇವೆ ಅಷ್ಟೆ. ಅದಕ್ಕೇ ನಾನು ಉಪನಿಯಮ ಒಂದನ್ನು ಸೇರಿಸುತ್ತೇನೆ: ನಡೆದ ಕಥೆಯನ್ನು ‘ತ್ತಾನೆ, ತ್ತಾಳೆ, ತ್ತಾರೆ’ ಎಂದು ಹೇಳುವಂತಿಲ್ಲ. ಈ ಕಳ್ಳದಾರಿ ಮುಚ್ಚಿದ ಮೇಲೆಯೇ ನಿಜವಾದ ಕೆಲಸ ಶುರುವಾಗುವುದು. ಜೊತೆಗೆ ಪದಮಿತಿ 40 ಎಂದು ಇಟ್ಟುಕೊಳ್ಳೋಣ:

> ನಾಲ್ಕಕ್ಕೆ ಟೆಂಪೋ ಬಂತು. ಬಾಕ್ಸೆಲ್ಲ ಹತ್ತಿತು. ಅಪ್ಪನ ಟವೆಲ್ಲು ಮಾತ್ರ ಜಗಲಿ ಮೇಲೆ ಉಳಿಯಿತು. ಮಂಡಿಯಲ್ಲಿ ಹರಾಜು ನಮ್ಮ ಸಾಲಿಗೆ ಬರುವಷ್ಟರಲ್ಲಿ ಕೂಗು ತಗ್ಗಿತು. ಸಂಜೆ ಖಾಲಿ ಟೆಂಪೋ ಮನೆ ಮುಟ್ಟಿತು.
>
> “ಏನಾಯ್ತು ರೀ?”
>
> “ಊಟಕ್ಕೆ ಹಾಕು.”
>
> ಅಮ್ಮ ಮತ್ತೆ ಏನೂ ಕೇಳಲಿಲ್ಲ. ಅಪ್ಪ ಟವೆಲ್ಲು ಹುಡುಕಲಿಲ್ಲ. ಅವತ್ತು ಸಾರಿಗೆ ಟೊಮೆಟೊ ಬೀಳಲಿಲ್ಲ, ಹುಣಸೆಹಣ್ಣು ಬಿತ್ತು.

ಟವೆಲ್ಲು ಎಲ್ಲಿಂದ ಬಂತು? ಅಪ್ಪ ಹತ್ತಿದರು, ಹೋದರು ಎಂದು ಬರೆಯುವಂತಿರಲಿಲ್ಲ. ಅಪ್ಪನ ಬದಲು ನಿಲ್ಲಬಲ್ಲ ವಸ್ತು ಬೇಕಿತ್ತು, ಅದಕ್ಕೆ ಬಂತು. ‘ರೇಟು ಬಿದ್ದಿತ್ತು’ ಎನ್ನಲು ಬರಲಿಲ್ಲ. ‘ರೇಟು ಕುಸಿಯಿತು’ ಎನ್ನಬಹುದಿತ್ತು, ಅದರಲ್ಲಿ ‘ದ’ ಇಲ್ಲ. ಅದನ್ನು ತಡೆದದ್ದು ಪದಮಿತಿ. ಕೂಗು, ರೇಟು ಎರಡಕ್ಕೂ ಜಾಗ ಇರಲಿಲ್ಲ. ಹರಾಜು ಕೇಳಿದವರಿಗೆ ಕೂಗು ತಗ್ಗಿದರೆ ಸಾಕು, ರೇಟಿನ ಮಾತು ಬೇಕಿಲ್ಲ. ಕೊನೆಯ ಸಾಲೂ ಹಾಗೆಯೇ. ‘ಬೇಸರದಿಂದ’ ಎಂಬುದಕ್ಕೆ ಬಾಗಿಲು ಮುಚ್ಚಿದ್ದರಿಂದ ಬೇಸರ ಅಡುಗೆಮನೆಗೆ ಹೋಗಿ ಹುಣಸೆಹಣ್ಣಾಗಿ ಬಂತು.

ಪದ ಎಣಿಸುವಾಗ ಕನ್ನಡದ್ದೇ ಒಂದು ತೊಡಕಿದೆ. ‘ಹೋಗಿ ಬಿಟ್ಟ’ ಎಂದರೆ ಎರಡು ಪದ, ‘ಹೋಗಿಬಿಟ್ಟ’ ಎಂದರೆ ಒಂದು. ಮಿತಿ ಮೀರಿದಾಗ ಎರಡು ಪದ ಅಂಟಿಸಿ ಲೆಕ್ಕ ಸರಿಮಾಡುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಮಿತಿಗೆ ಅರ್ಥವೇ ಇಲ್ಲ. ಬರೆಯುವ ಮೊದಲೇ ತೀರ್ಮಾನಿಸಿ: ನೀವು ಮಾಮೂಲಾಗಿ ಹೇಗೆ ಬಿಡಿಸಿ ಬರೆಯುತ್ತೀರೋ ಹಾಗೇ ಬರೆದು, ಜಾಗ ಬಿಟ್ಟಲ್ಲೆಲ್ಲ ಒಂದು ಪದ ಎಂದು ಎಣಿಸಿ.

‘ದ’ ನುಸುಳಿದೆಯೇ ಎಂದು ನೋಡಲು ಕಣ್ಣನ್ನು ನಂಬಬೇಡಿ. ಯೂನಿಕೋಡ್‌ನಲ್ಲಿ ‘ದಿ’ ಎಂದರೆ ‘ದ’ ಮತ್ತು ಗುಣಿತದ ಚಿಹ್ನೆ ಎರಡೂ ಸೇರಿದ್ದು. ಹಾಗಾಗಿ ಫೋನಿನಲ್ಲಿ ‘ದ’ ಎಂದು ಹುಡುಕಿದರೆ ಸಾಮಾನ್ಯವಾಗಿ ಕಾಗುಣಿತ, ಒತ್ತು ಎಲ್ಲ ಸಿಕ್ಕಿಬೀಳುತ್ತದೆ.

ಈ ಆಟ ನಮಗೆ ಹೊಸದೇನಲ್ಲ. ಸಂಸ್ಕೃತ ಕವಿ ದಂಡಿಯ ‘ದಶಕುಮಾರಚರಿತ’ದಲ್ಲಿ ಮಂತ್ರಗುಪ್ತ ತನ್ನ ಕಥೆ ಹೇಳುವಾಗ ಪ, ಫ, ಬ, ಭ, ಮ ಒಂದೂ ಬರುವುದಿಲ್ಲ. ಯಾಕೆ? ನಲ್ಲೆ ಕಚ್ಚಿ ಅವನ ತುಟಿ ಗಾಯವಾಗಿದೆ, ತುಟಿ ಕೂಡಿಸಲು ಆಗದು. 1969ರಲ್ಲಿ ಜಾರ್ಜ್ ಪೆರೆಕ್ ಫ್ರೆಂಚಿನಲ್ಲಿ ‘e’ ಅಕ್ಷರವಿಲ್ಲದೆ ಇಡೀ ಕಾದಂಬರಿ ಬರೆದರು. ಅದರ ಕಥೆಯೂ ಕಾಣೆಯಾಗುವುದರ ಬಗ್ಗೆಯೇ. ಎರಡರಲ್ಲೂ ನಿಯಮಕ್ಕೆ ಕಥೆಯೊಳಗೇ ಕಾರಣವಿದೆ. ನಿಮ್ಮದಕ್ಕೂ ಅಂಥ ಕಾರಣ ಸಿಗುತ್ತದಾ ನೋಡಿ. ಮೇಲಿನ ಕಥೆಯನ್ನು ಹೇಳುತ್ತಿರುವುದು ಒಂದು ಮಗು ಅಂದುಕೊಳ್ಳಿ. ಅಪ್ಪನ ಮುಖ ನೋಡಲು ಹೆದರಿ ಸುಮ್ನೆ ಟೆಂಪೋ, ಟವೆಲ್ಲು, ಸಾರಿನ ಪಾತ್ರೆ ನೋಡುತ್ತಾ ಕೂತಿದೆ. ಆಗ ಜನರ ಕೆಲಸ ಕಾಣದಿರುವುದು ಸಹಜವೇ ಆಗುತ್ತದೆ.

ಒಂದು ಮಿತಿ ಹೇಳಿಬಿಡುತ್ತೇನೆ. ಇದು ಪುಟ್ಟ ಕಥೆಗೆ ಒಗ್ಗುವ ನಿಯಮ. ಒಂದೆರಡು ಪುಟ ದಾಟಿದರೆ ‘ತು, ತು, ತು’ ಎಂಬ ಒಂದೇ ತಾಳ ಕಿವಿಗೆ ಹೊಡೆಯುತ್ತದೆ. ಅಲ್ಲದೆ ‘ಇದ್ದಳು’ ಇಲ್ಲದೆ ಹಿನ್ನೆಲೆ ಕಟ್ಟುವುದು ಕಷ್ಟ. ಅಷ್ಟು ಉದ್ದ ಬೇಕಿದ್ದರೆ ಮೊದಲ ಕರಡನ್ನು ಮಾತ್ರ ‘ದ’ ಇಲ್ಲದೆ ಬರೆಯಿರಿ. ಆಮೇಲೆ ನಿಷೇಧ ತೆಗೆದು, ಎಲ್ಲಿ ತೀರಾ ಬೇಕು ಅನ್ನಿಸುತ್ತದೋ ಅಲ್ಲಿ ಮಾತ್ರ ‘ದ’ ವಾಪಸ್ ಸೇರಿಸಿ. ‘ಬೇಸರದಿಂದ’ ಎಂಬುದು ಮತ್ತೆ ಒಳಗೆ ಬರಲು ನೋಡುತ್ತದೆ. ಅದನ್ನು ಮಾತ್ರ ಬಿಟ್ಟುಕೊಳ್ಳಬೇಡಿ.