ಹುಡುಕಾಟದ ಉತ್ತರ ನೆನಪಿಟ್ಟರೆ ಸಾಕಾಗಲಿಲ್ಲ, ಯಾಕೆ?

ಸರ್ಚ್ ಎಂಜಿನ್‌ಗೆ ಬರುವ ಪ್ರಶ್ನೆಗಳಲ್ಲಿ ತುಂಬಾ ಪ್ರಶ್ನೆಗಳನ್ನು ಮೊದಲೇ ಯಾರೋ ಕೇಳಿರುತ್ತಾರೆ. ಗ್ರೀಸ್‌ನ ಸಂಶೋಧಕ ಎವಾಂಜೆಲೋಸ್ ಮಾರ್ಕಾಟೋಸ್ ಎಕ್ಸೈಟ್ ಎಂಬ ಸರ್ಚ್ ಎಂಜಿನ್‌ನ ದಾಖಲೆಗಳನ್ನು ನೋಡಿ, 2001ರ ಹೊತ್ತಿಗೆ ಇದನ್ನು ಲೆಕ್ಕ ಸಮೇತ ತೋರಿಸಿದರು. ಶೇ 20ರಿಂದ 30ರಷ್ಟು ಪ್ರಶ್ನೆಗಳು ಮತ್ತೆ ಬಂದವೇ ಆಗಿದ್ದವು. ಹಾಗಿದ್ದರೆ ಒಮ್ಮೆ ಸಿದ್ಧವಾದ ಉತ್ತರದ ಪುಟವನ್ನು ಮೆಮೊರಿಯಲ್ಲಿ ಇಟ್ಟುಕೊಂಡರೆ ಆಯ್ತು, ಅಲ್ವಾ? ಇದೇ ರಿಸಲ್ಟ್ ಕ್ಯಾಶ್. ಪ್ರಶ್ನೆ ಅದರಲ್ಲಿ ಸಿಕ್ಕರೆ ಇಂಡೆಕ್ಸ್, ಅಂದರೆ ಸರ್ಚ್ ಎಂಜಿನ್ ಹುಡುಕಲು ಇಟ್ಟುಕೊಂಡ ಪದಸೂಚಿ, ಮುಟ್ಟುವ ಅಗತ್ಯವೇ ಇಲ್ಲ.

ಆದರೆ ಈ ಉಪಾಯಕ್ಕೆ ಒಂದು ಮಿತಿ ಇದೆ. ಯಾಹೂ ಸಂಶೋಧಕರು 2007ರಲ್ಲಿ ಬ್ರಿಟನ್ನಿನ ಹುಡುಕಾಟಗಳ ಒಂದು ದೊಡ್ಡ ದಾಖಲೆಯನ್ನು ಪರಿಶೀಲಿಸಿದಾಗ, ಬಂದ ಪ್ರಶ್ನೆಗಳಲ್ಲಿ ಶೇ 44ರಷ್ಟು ಒಂದೇ ಒಂದು ಸಲ ಬಂದವು. ಉಳಿದವು ಕೂಡ ಮೊದಲ ಸಲ ಬಂದಾಗ ಕ್ಯಾಶ್‌ನಲ್ಲಿ ಇರುವುದಿಲ್ಲ. ಹಾಗಾಗಿ ಮೆಮೊರಿ ಎಷ್ಟೇ ಕೊಟ್ಟರೂ ಸುಮಾರು ಅರ್ಧದಷ್ಟು ಪ್ರಶ್ನೆಗಳಿಗೆ ಹೊಸದಾಗಿ ಹುಡುಕಲೇಬೇಕು.

ಪ್ರಶ್ನೆ ಹೊಸದಾದರೂ ಅದರಲ್ಲಿರುವ ಪದಗಳು ಹಳೆಯವೇ. ಅದೇ ದಾಖಲೆಯಲ್ಲಿ ಒಂದೇ ಸಲ ಬಂದ ಪದಗಳ ಪಾಲು ಶೇ 4ರಷ್ಟು ಮಾತ್ರ. ಇಂಡೆಕ್ಸ್‌ನಲ್ಲಿ ಪ್ರತಿ ಪದಕ್ಕೂ ಒಂದು ಪೋಸ್ಟಿಂಗ್ ಲಿಸ್ಟ್ ಇರುತ್ತದೆ, ಅಂದರೆ ಆ ಪದ ಯಾವ ಯಾವ ಪುಟಗಳಲ್ಲಿದೆ ಎಂಬ ಪಟ್ಟಿ. ಈ ಪಟ್ಟಿಗಳನ್ನು ಮೆಮೊರಿಯಲ್ಲಿಟ್ಟರೆ ಡಿಸ್ಕ್‌ನಿಂದ ಓದುವ ಕೆಲಸ ತಪ್ಪುತ್ತದೆ. ಪಟ್ಟಿಗಳನ್ನು ಹೋಲಿಸುವ, ಪುಟಗಳಿಗೆ ಅಂಕ ಕೊಡುವ ಕೆಲಸ ಮಾತ್ರ ಉಳಿಯುತ್ತದೆ.

ಯಾವ ಪಟ್ಟಿ ಇಡಬೇಕು ಎಂಬುದೇ ನಿಜವಾದ ಪ್ರಶ್ನೆ. ಜಾಸ್ತಿ ಕೇಳುವ ಪದದ್ದೇ ಇಡೋಣ ಅನಿಸುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಮೆಮೊರಿ 800 ಅಳತೆ ಇದೆ ಎಂದುಕೊಳ್ಳಿ. ಮೊದಲ ಪದವನ್ನು 1000 ಸಲ ಕೇಳುತ್ತಾರೆ, ಅದರ ಪಟ್ಟಿಯ ಗಾತ್ರ 800. ಎರಡನೆಯದು 600 ಸಲ, ಗಾತ್ರ 300. ಮೂರನೆಯದು 500 ಸಲ, ಗಾತ್ರ 200. ನಾಲ್ಕನೆಯದು 400 ಸಲ, ಗಾತ್ರ 300. ಮೊದಲನೆಯದನ್ನು ಇಟ್ಟರೆ ಜಾಗವೆಲ್ಲ ಅದಕ್ಕೇ ಹೋಗಿ, 2500ರಲ್ಲಿ 1000 ಸಲ ಉಪಯೋಗ. ಅದನ್ನು ಬಿಟ್ಟು ಉಳಿದ ಮೂರನ್ನು ಇಟ್ಟರೆ ಅದೇ ಜಾಗದಲ್ಲಿ 1500 ಸಲ. ಅಂದರೆ ಎಷ್ಟು ಸಲ ಕೇಳುತ್ತಾರೆ ಎಂಬುದನ್ನು ಪಟ್ಟಿಯ ಗಾತ್ರದಿಂದ ಭಾಗಿಸಿ ನೋಡಬೇಕು. ಯಾಹೂ ತಂಡ ಪ್ರಯೋಗಿಸಿ ನೋಡಿದ್ದೂ ಇದೇ ಅಳತೆಯನ್ನು. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದದ್ದು ಈ ಸರಳ ಭಾಗಾಕಾರ.

ಹಾಗಂತ ರಿಸಲ್ಟ್ ಕ್ಯಾಶ್ ಬಿಡುವಂತಿಲ್ಲ. ಅದರಲ್ಲಿ ಉತ್ತರ ಸಿಕ್ಕರೆ ಪೂರ್ತಿ ಕೆಲಸವೇ ತಪ್ಪುತ್ತದೆ, ಪಟ್ಟಿ ಸಿಕ್ಕರೆ ಒಂದು ಭಾಗ ಮಾತ್ರ. ಅದಕ್ಕೇ ಎರಡನ್ನೂ ಒಂದರ ಹಿಂದೆ ಒಂದು ಇಟ್ಟು, ಮೆಮೊರಿ ಹಂಚುತ್ತಾರೆ.

2010ರ ಹೊತ್ತಿಗೆ ಚಿಂತೆಯೇ ಬದಲಾಯಿತು. ಉತ್ತರಗಳನ್ನು ಡಿಸ್ಕ್‌ನಲ್ಲಿ ಧಾರಾಳವಾಗಿ ಇಡುವಷ್ಟು ಜಾಗ ಬಂದಿತ್ತು, ಆದರೆ ಇಟ್ಟ ಉತ್ತರ ಹಳಸತೊಡಗಿತು. ಇಂಡೆಕ್ಸ್‌ಗೆ ಹೊಸ ಪುಟ ಸೇರಿದರೂ ಕ್ಯಾಶ್ ಹಳೇ ಉತ್ತರವನ್ನೇ ಕೊಡುತ್ತಿರುತ್ತದೆ. ಅದಕ್ಕೆ ಪ್ರತಿ ಉತ್ತರಕ್ಕೂ ಒಂದು ಅವಧಿ ಕಟ್ಟುತ್ತಾರೆ, ಅದು ಮುಗಿದರೆ ಮತ್ತೆ ಹೊಸದಾಗಿ ಹುಡುಕಬೇಕು. ಅವಧಿ ಚಿಕ್ಕದಾದರೆ ಸರ್ವರ್‌ಗಳ ಮೇಲೆ ಹೊರೆ, ದೊಡ್ಡದಾದರೆ ಹಳೇ ಸುದ್ದಿ. ಯಾಹೂ ತಂಡ ಇದಕ್ಕೊಂದು ದಾರಿ ಕಂಡುಕೊಂಡಿತು. ಸರ್ವರ್‌ಗಳು ಬಿಡುವಾಗಿದ್ದಾಗ, ಜಾಸ್ತಿ ಕೇಳುವ ಪ್ರಶ್ನೆಗಳ ಹಳೇ ಉತ್ತರಗಳನ್ನು ಮೊದಲೇ ಹೊಸದಾಗಿ ಲೆಕ್ಕ ಹಾಕಿ ಇಡುವುದು.