ಯು ಟರ್ನ್‌ಗೆ ಬೇಕು ಎಂಟು ಸೆಕೆಂಡು

ಚಾಲನೆ ಕಲಿಯಲು ಬರುವವರಲ್ಲಿ ಹೆಚ್ಚಿನವರು ಯು ಟರ್ನ್ ಮಾಡುವಾಗ ಎದುರಿನ ವಾಹನ ಎಷ್ಟು ದೂರದಲ್ಲಿದೆ ಎಂದಷ್ಟೇ ನೋಡುತ್ತಾರೆ. ನಾನು ಅವರಿಗೆ ಹೇಳಿಕೊಡುವುದು ಸಮಯವನ್ನು ಅಳೆಯಲು. ನೂರು ಮೀಟರ್ ದೂರದ ಸೈಕಲ್ಲಿಗೂ ಅಷ್ಟೇ ದೂರದ ಬಸ್ಸಿಗೂ ಇರುವ ವ್ಯತ್ಯಾಸ ದೂರದಲ್ಲಿ ಕಾಣುವುದಿಲ್ಲ.

ನಡುವೆ ವಿಭಜಕವಿರುವ, ಒಂದೊಂದು ಬದಿಗೆ ಎರಡು ಲೇನ್ ಇರುವ ರಸ್ತೆಯನ್ನೇ ತೆಗೆದುಕೊಳ್ಳೋಣ. ನಮ್ಮ ಊರುಗಳ ಬಹುತೇಕ ಮುಖ್ಯರಸ್ತೆಗಳು ಹೀಗೇ ಇವೆ. ಸಣ್ಣ ಕಾರೊಂದು ಪೂರ್ತಿ ಸುತ್ತಿ ತಿರುಗಲು ಸುಮಾರು ಹತ್ತು ಮೀಟರ್ ಅಗಲ ಬೇಕು. ವಿಭಜಕಕ್ಕೆ ಒತ್ತಿಕೊಂಡು ನಿಂತು ಹೊರಟರೂ ಅದರ ಮೂತಿ ಎದುರು ರಸ್ತೆಯ ಏಳು ಮೀಟರನ್ನು, ಅಂದರೆ ಎರಡೂ ಲೇನ್‌ಗಳನ್ನು, ಬಳಸಿಕೊಳ್ಳುತ್ತದೆ. ಆದ್ದರಿಂದ ವಿಭಜಕದ ಪಕ್ಕದ ಲೇನ್ ಖಾಲಿಯಿದ್ದ ಮಾತ್ರಕ್ಕೆ ಹೊರಡಬಾರದು. ಅದರಾಚೆಯ ಲೇನ್‌ನಲ್ಲಿ ನೆಟ್ಟಗೆ ಬರುತ್ತಿರುವ ಬೈಕ್ ಸವಾರನೂ ನಿಮ್ಮ ದಾರಿಯಲ್ಲೇ ಇದ್ದಾನೆ.

ನಿಂತಲ್ಲಿಂದ ಹೊರಟು, ಸುತ್ತಿ, ನೇರವಾಗಿ ವೇಗ ಹಿಡಿಯುವಷ್ಟರಲ್ಲಿ ಎಂಟು ಸೆಕೆಂಡು ಕಳೆಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎಂಟು ಸೆಕೆಂಡಿಗೆ 130 ಮೀಟರ್ ದಾಟುತ್ತದೆ. ಇದನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ಅದಕ್ಕಾಗಿ ಎದುರು ರಸ್ತೆಯಲ್ಲಿ ದೂರದ ಒಂದು ಕಂಬವನ್ನೋ ಬಸ್ ನಿಲ್ದಾಣವನ್ನೋ ಗುರುತು ಮಾಡಿಕೊಳ್ಳಿ. ಒಂದು ವಾಹನ ಅದನ್ನು ದಾಟಿದಾಗಿನಿಂದ ನಿಮ್ಮನ್ನು ತಲುಪುವವರೆಗೆ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸಿ. ಎಂಟರ ಮೊದಲೇ ಬಂದುಬಿಟ್ಟರೆ ಇನ್ನೂ ಆಚೆಯ ಗುರುತನ್ನು ಆರಿಸಿ. ಆ ಗುರುತಿನಿಂದ ನಿಮ್ಮವರೆಗೆ ಎರಡೂ ಲೇನ್ ಖಾಲಿಯಿದ್ದಾಗ ಮಾತ್ರ ಹೊರಡಿ. ಕಾನೂನು ಹೇಳುವುದೂ ಇದನ್ನೇ: ನೇರ ಬರುವವರಿಗೆ ಆದ್ಯತೆ, ತಿರುಗುವವರು ಕಾಯಬೇಕು. ಎದುರಿನವರು ಬ್ರೇಕ್ ಒತ್ತಬೇಕಾಗಿ ಬಂದರೆ ಆ ತಿರುವು ತಪ್ಪಾದ ತಿರುವು.

ಕಾಯುವಾಗ ಸ್ಟೀರಿಂಗ್ ನೇರವಾಗಿರಲಿ. ಬೇಗ ಹೊರಡಬಹುದೆಂದು ಚಕ್ರಗಳನ್ನು ಮೊದಲೇ ಬಲಕ್ಕೆ ತಿರುಗಿಸಿಟ್ಟವರನ್ನು ದಿನವೂ ನೋಡುತ್ತೇನೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಆ ಕಾರು ಸೀದಾ ಎದುರಿನ ವಾಹನಗಳ ಮುಂದಕ್ಕೆ ಹೋಗಿ ಬೀಳುತ್ತದೆ. ಚಕ್ರ ನೇರವಿದ್ದರೆ ತನ್ನ ರಸ್ತೆಯಲ್ಲೇ ಮುಂದೆ ಸರಿಯುತ್ತದೆ. ಇನ್ನೊಂದು ಸಂಗತಿ: ಅರ್ಧ ತಿರುಗಿದ ಮೇಲೆ ಎದುರಿನ ವಾಹನಗಳು ಬರುವುದು ನಿಮ್ಮ ಎಡಗಡೆಯಿಂದ. ಎಡಗಡೆಯ ಕಿಟಕಿ ಕಂಬ ಮತ್ತು ಪಕ್ಕದಲ್ಲಿ ಕುಳಿತವರ ತಲೆ ಎರಡೂ ಸೇರಿದರೆ ಒಂದು ಬೈಕನ್ನು ಸುಲಭವಾಗಿ ಮರೆಮಾಡುತ್ತವೆ. ಪಕ್ಕದಲ್ಲಿರುವವರಿಗೆ ಹಿಂದಕ್ಕೆ ಒರಗಿ ಕೂರಲು ಹೇಳಿ, ನೀವು ಕುತ್ತಿಗೆ ಚಾಚಿ ನೋಡಿ. ನಿಮ್ಮ ಪಕ್ಕದಲ್ಲೇ ಇನ್ನೊಂದು ಕಾರು ಎರಡನೇ ಸಾಲಿನಲ್ಲಿ ತಿರುಗಲು ನಿಂತು ನೋಟಕ್ಕೆ ಅಡ್ಡವಾದರೆ, ಅದು ಹೊರಟಿತೆಂದು ಅದರ ನೆರಳಿನಲ್ಲಿ ನೀವೂ ಹೊರಡಬೇಡಿ. ಆ ಚಾಲಕನಿಗೆ ಕಂಡದ್ದು ನಿಮಗೆ ಕಂಡಿಲ್ಲ. ಬಲಗಡೆಯನ್ನೂ ಒಮ್ಮೆ ನೋಡಿ. ವಿರುದ್ಧ ದಿಕ್ಕಿನಲ್ಲಿ ಬರುವ ದ್ವಿಚಕ್ರ ವಾಹನಗಳು ನಮ್ಮಲ್ಲಿ ಅಪರೂಪವಲ್ಲ.

ವಿಭಜಕದಲ್ಲಿ ತೆರಪು ಇದೆ ಎಂದ ಮಾತ್ರಕ್ಕೆ ತಿರುಗಲು ಅನುಮತಿ ಇದೆ ಎಂದಲ್ಲ. ನಿಷೇಧದ ಫಲಕವಿದ್ದರೆ, ವಾಹನಗಳು ಎಡೆಬಿಡದೆ ಹರಿಯುತ್ತಿದ್ದರೆ, ನಡುವೆ ತುಂಡಾಗದ ಗೆರೆಯಿದ್ದರೆ ಮುಂದೆ ಹೋಗಿ. ಮುಂದಿನ ಸಿಗ್ನಲ್‌ವರೆಗೆ ಹೋಗಿ ಬರಲು ಐದು ನಿಮಿಷವಾದರೂ ಸರಿ.

ಅಡ್ಡರಸ್ತೆಗೆ ಬಲಕ್ಕೆ ತಿರುಗಲು ಇಷ್ಟು ಸಮಯ ಬೇಡ, ಸುಮಾರು ಐದು ಸೆಕೆಂಡು ಸಾಕು. ಆದರೆ ಮೂಲೆಯನ್ನು ಕತ್ತರಿಸಬೇಡಿ. ಎರಡು ರಸ್ತೆಗಳ ನಡುಗೆರೆಗಳು ಕೂಡುವ ಬಿಂದುವನ್ನು ನಿಮ್ಮ ಬಲಕ್ಕೆ ಬಿಟ್ಟು, ಹೊಸ ರಸ್ತೆಯ ಎಡಬದಿಗೆ ಸೇರಬೇಕು. ಮೂಲೆ ಕತ್ತರಿಸಿದರೆ ಆ ರಸ್ತೆಯಿಂದ ಹೊರಬರಲು ನಿಂತಿರುವವರ ಮೂತಿಗೇ ಹೋಗಿ ನಿಲ್ಲುತ್ತೀರಿ.

ರಿವರ್ಸ್ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಮನೆಯ ಗೇಟಿನಿಂದ ಮುಖ್ಯರಸ್ತೆಗೆ ಹಿಮ್ಮುಖವಾಗಿ ಬರುವವರಿಗೆ ತಮ್ಮ ಕಾರಿನ ಹಿಂಭಾಗ ಪೂರ್ತಿ ರಸ್ತೆಗೆ ಬರುವವರೆಗೂ ಬದಿಯ ವಾಹನಗಳು ಕಾಣುವುದಿಲ್ಲ. ಒಳಹೋಗುವಾಗಲೇ ಹಿಮ್ಮುಖವಾಗಿ ಹೋಗಿ, ಹೊರಬರುವಾಗ ಮುಮ್ಮುಖವಾಗಿ ಬನ್ನಿ. 2019ರ ಜುಲೈಯಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿರುವ ಹಿಂಬದಿಯ ಸೆನ್ಸರ್ ಗೋಡೆ, ಕಂಬದಂಥ ಹತ್ತಿರದ ಅಡ್ಡಿಗಳಿಗಾಗಿ ಇದೆ. ಬದಿಯಿಂದ ವೇಗವಾಗಿ ಬರುವ ಬೈಕಿನ ಸುಳಿವನ್ನು ಅದು ಸಮಯಕ್ಕೆ ಕೊಡಲಾರದು. ಮೈಸೂರು ಹೆದ್ದಾರಿಯಂಥ ಕಡೆ ಹೊರದಾರಿ ತಪ್ಪಿಹೋದರೆ ಹಿಂದಕ್ಕೆ ಬರುವ ಯೋಚನೆಯನ್ನೇ ಮಾಡಬೇಡಿ; ಗಂಟೆಗೆ 100 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 28 ಮೀಟರ್ ಹತ್ತಿರವಾಗುತ್ತಿರುತ್ತದೆ, ಮತ್ತು ಅದರ ಚಾಲಕ ಮುಂದಿರುವ ಕಾರು ಮುಂದಕ್ಕೇ ಹೋಗುತ್ತಿದೆ ಎಂದು ನಂಬಿರುತ್ತಾನೆ. ಮುಂದಿನ ಹೊರದಾರಿಯಲ್ಲಿ ಇಳಿದು ಸರ್ವೀಸ್ ರಸ್ತೆಯಲ್ಲಿ ವಾಪಸ್ಸು ಬನ್ನಿ.